ಆರನೇ ವರ್ಷದ ಸಾಲು

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಅಣ್ಣ ತಮ್ಮ ಇಬ್ಬರು ಸೇರಿ ನಡೆಸುವ ಒಂದು ಮೆಷಿನ್ ಶಾಪ್ ಇದೆ ಎಂದಿಟ್ಟುಕೊಳ್ಳಿ. ಪ್ರೈವೇಟ್ ಲಿಮಿಟೆಡ್ ಕಂಪನಿ, ಇಬ್ಬರಿಗೂ ಅರ್ಧರ್ಧ ಷೇರು. ಬಾಡಿಗೆ ಶೆಡ್ಡು, ಒಳಗೆ ಸಾಲಾಗಿ ಸಿಎನ್‌ಸಿ ಲೇತ್‌ಗಳು. ಉಕ್ಕಿನ ರಾಡ್ ತಂದು, ಕತ್ತರಿಸಿ, ಕಡೆದು ವಾಹನ ಕಂಪನಿಗಳಿಗೆ ಪಿನ್ನು, ಬುಷ್ಷು, ಶಾಫ್ಟು ಮಾಡಿಕೊಡುವ ಕೆಲಸ. ಇಪ್ಪತ್ತು ವರ್ಷ ಜೊತೆಯಲ್ಲಿ ದುಡಿದ ಮೇಲೆ ತಮ್ಮ ತನ್ನ ಪಾಲು ತೆಗೆದುಕೊಂಡು ಬೇರೆಯಾಗುತ್ತೇನೆ ಎನ್ನುತ್ತಾನೆ. ಜಗಳವೇನಿಲ್ಲ. ಅಣ್ಣನಿಗೂ ಕೊಡಲು ಮನಸ್ಸಿದೆ. ಆದರೆ ಎಷ್ಟು ಕೊಡಬೇಕು?

ಅವರು ಮೂವರು ಆಡಿಟರುಗಳ ಹತ್ತಿರ ಹೋಗುತ್ತಾರೆ. ಮೂವರಿಗೂ ಕೊಟ್ಟದ್ದು ಒಂದೇ ಲೆಕ್ಕಪತ್ರ. ಮೂವರೂ ಬಳಸಿದ್ದು ಒಂದೇ ವಿಧಾನ: ಡಿಸ್ಕೌಂಟೆಡ್ ಕ್ಯಾಶ್ ಫ್ಲೋ, ಬಾಯಿಮಾತಿನಲ್ಲಿ ಡಿಸಿಎಫ್. ಮುಂದಿನ ಐದು ವರ್ಷದ ಅಂದಾಜು ಮೂವರದೂ ಒಂದೇ. ಅದರಾಚೆಗೆ ವ್ಯಾಪಾರ ವರ್ಷಕ್ಕೆ 5% ಬೆಳೆಯುತ್ತದೆ ಎಂಬುದನ್ನೂ ಮೂವರೂ ಒಪ್ಪಿದ್ದಾರೆ. ಆದರೂ ಮೊದಲನೆಯವರು ಕಂಪನಿಯ ಬೆಲೆ 5.7 ಕೋಟಿ ಎಂದು ಬರೆದರು, ಎರಡನೆಯವರು 13.5 ಕೋಟಿ, ಮೂರನೆಯವರು 9.6 ಕೋಟಿ. ಬ್ಯಾಂಕಿನ ಸಾಲ 2 ಕೋಟಿ ಕಳೆದು ಅರ್ಧ ಮಾಡಿದರೆ ತಮ್ಮನ ಪಾಲು ಒಬ್ಬರ ಪ್ರಕಾರ 1.85 ಕೋಟಿ, ಇನ್ನೊಬ್ಬರ ಪ್ರಕಾರ 5.75 ಕೋಟಿ. ಅಣ್ಣತಮ್ಮಂದಿರ ನಡುವೆ ಹೊಸದಾಗಿ ಜಗಳ ಹುಟ್ಟಲು ಇಷ್ಟು ಅಂತರ ಸಾಕು.

ಮೂವರಲ್ಲಿ ಯಾರೂ ಕೂಡುವ ಕಳೆಯುವ ತಪ್ಪು ಮಾಡಿಲ್ಲ. ವ್ಯತ್ಯಾಸ ಬಂದಿರುವುದು ಅವರ ಹಾಳೆಯ ಒಂದೇ ಒಂದು ಸಾಲಿನಲ್ಲಿ. ಅದು ಆರನೇ ವರ್ಷದ ಸಾಲು. ಅಲ್ಲಿಗೆ ಹೋಗುವ ಮೊದಲು ಈ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲಿನಿಂದ ನೋಡಬೇಕು.

ಶಾಪಿನ ಈ ವರ್ಷದ ಲಾಭ, ಬಡ್ಡಿ ಮತ್ತು ತೆರಿಗೆಗೆ ಮುಂಚೆ, 160 ಲಕ್ಷ. ಇದರಲ್ಲಿ ಒಂದು ವಿಷಯ ಖಾತ್ರಿ ಮಾಡಿಕೊಳ್ಳಬೇಕು. ನಮ್ಮ ಮನೆತನದ ಕಂಪನಿಗಳಲ್ಲಿ ಅಣ್ಣತಮ್ಮಂದಿರು ಸಂಬಳವೆಂದು ಏನನ್ನೂ ಬರೆಸಿಕೊಳ್ಳದೆ ದುಡಿಯುವುದುಂಟು. ಆಗ ಪುಸ್ತಕದಲ್ಲಿ ಕಾಣುವ ಲಾಭದಲ್ಲಿ ಅವರ ಬೆವರಿನ ಕೂಲಿಯೂ ಸೇರಿರುತ್ತದೆ. ನಾಳೆ ತಮ್ಮ ಹೋದರೆ ಅವನ ಜಾಗಕ್ಕೆ ಸಂಬಳ ಕೊಟ್ಟು ಒಬ್ಬ ಮ್ಯಾನೇಜರನ್ನು ತರಲೇಬೇಕು. ಹಾಗಾಗಿ ಇಬ್ಬರ ಸಂಬಳವನ್ನೂ ಹೊರಗಿನವರಿಗೆ ಕೊಡುವ ಲೆಕ್ಕದಲ್ಲಿ ಕಳೆದ ಮೇಲೆ ಉಳಿದದ್ದು ಈ 160 ಎಂದುಕೊಳ್ಳೋಣ. ತೆರಿಗೆ ಸುಮಾರು ಕಾಲು ಭಾಗ, 40 ಲಕ್ಷ. ಉಳಿಯಿತು 120 ಲಕ್ಷ.

ತಮ್ಮ ಕೇಳಬಹುದು: ಹಾಗಾದರೆ ಶಾಪು ವರ್ಷಕ್ಕೆ 120 ಲಕ್ಷ ದುಡಿಯುತ್ತಿದೆ, ಅದೆಲ್ಲಿ? ವರ್ಷದ ಕೊನೆಗೆ ಬ್ಯಾಂಕಿನ ಖಾತೆ ನೋಡಿದರೆ ಅಷ್ಟಿರುವುದಿಲ್ಲ. ಫ್ರೀ ಕ್ಯಾಶ್ ಫ್ಲೋ ಎಂಬ ಮಾತು ಉತ್ತರಿಸುವುದು ಈ ಪ್ರಶ್ನೆಗೇ.

ಲಾಭದ ಲೆಕ್ಕದಲ್ಲಿ ಮೆಷಿನ್‌ಗಳ ಸವಕಳಿ ಎಂದು 50 ಲಕ್ಷ ಖರ್ಚು ಬರೆದಿದ್ದಾರೆ. ಆದರೆ ಈ ವರ್ಷ ಆ ದುಡ್ಡು ಯಾರ ಕೈಗೂ ಹೋಗಿಲ್ಲ. ಮೆಷಿನ್ ಕೊಂಡಾಗಲೇ ಹೋಗಿದ್ದ ದುಡ್ಡನ್ನು ವರ್ಷವರ್ಷಕ್ಕೆ ಹಂಚಿ ಬರೆಯುತ್ತಿದ್ದಾರೆ, ಅಷ್ಟೆ. ಆದ್ದರಿಂದ ಅದನ್ನು ಮರಳಿ ಕೂಡಿಸಿಕೊಳ್ಳಬೇಕು. ಇನ್ನೊಂದು ಕಡೆ, ಈ ವರ್ಷ ಹಳೆಯ ಲೇತ್ ತೆಗೆದು ಹೊಸದು ಹಾಕಲು ಮತ್ತು ಹೊಸ ಆರ್ಡರಿಗೆಂದು ಇನ್ನೊಂದನ್ನು ಕೊಳ್ಳಲು 100 ಲಕ್ಷ ನಿಜವಾಗಿಯೂ ಹೊರಗೆ ಹೋಗಿದೆ. ಲಾಭದ ಲೆಕ್ಕದಲ್ಲಿ ಅದರ ಸುಳಿವಿಲ್ಲ. ಅದನ್ನು ಕಳೆಯಬೇಕು.

ಮೂರನೆಯದು ಕಣ್ಣಿಗೆ ಕಾಣದೆ ದುಡ್ಡು ತಿನ್ನುವ ದುಡಿಯುವ ಬಂಡವಾಳ. ವಾಹನ ಕಂಪನಿ ಬಿಲ್ಲಿನ ದುಡ್ಡು ಕೊಡುವುದು ತೊಂಬತ್ತು ದಿನಕ್ಕೆ. ಉಕ್ಕಿನ ವ್ಯಾಪಾರಿ ಕಾಯುವುದು ಮೂವತ್ತೇ ದಿನ. ಜಿಎಸ್‌ಟಿಯನ್ನೋ ಗಿರಾಕಿ ಕೊಟ್ಟರೂ ಕೊಡದಿದ್ದರೂ ಮುಂದಿನ ತಿಂಗಳ 20ನೇ ತಾರೀಕಿನೊಳಗೆ ಕಟ್ಟಬೇಕು. ವ್ಯಾಪಾರ ಹೆಚ್ಚಿದಷ್ಟೂ ಉದ್ರಿ ಹೆಚ್ಚುತ್ತದೆ, ಮೂಲೆಯಲ್ಲಿ ಕೂತ ರಾಡು ಹೆಚ್ಚುತ್ತದೆ, ಅರ್ಧ ಮುಗಿದ ಮಾಲು ಹೆಚ್ಚುತ್ತದೆ. ಈ ವರ್ಷ ಹಾಗೆ ಹೋಗಿ ಸಿಕ್ಕಿಕೊಂಡದ್ದು 30 ಲಕ್ಷ. ಪುಸ್ತಕದ ಪ್ರಕಾರ ಅದು ಆಸ್ತಿ, ಆದರೆ ಅದನ್ನು ಮನೆಗೆ ಒಯ್ಯುವಂತಿಲ್ಲ.

ಈಗ ಕೂಡಿ ಕಳೆದರೆ 120 ಕ್ಕೆ 50 ಸೇರಿಸಿ, 100 ಮತ್ತು 30 ತೆಗೆದು, ಉಳಿದದ್ದು 40 ಲಕ್ಷ. ಇದೇ ಈ ವರ್ಷದ ಫ್ರೀ ಕ್ಯಾಶ್ ಫ್ಲೋ: ಶಾಪಿನ ನಡಿಗೆಗೂ ಬೆಳವಣಿಗೆಗೂ ತೊಂದರೆಯಾಗದಂತೆ ಮಾಲೀಕರು ಮತ್ತು ಸಾಲ ಕೊಟ್ಟವರು ಹೊರಗೆ ತೆಗೆಯಬಹುದಾದ ದುಡ್ಡು. ಬಡ್ಡಿಯನ್ನು ಇಲ್ಲಿ ಕಳೆದಿಲ್ಲ ಎಂಬುದನ್ನು ಗಮನಿಸಿ. ಬ್ಯಾಂಕಿನ ಪಾಲು ಇನ್ನೂ ಇದರೊಳಗೇ ಇದೆ. ಅದಕ್ಕೇ ಕೊನೆಯಲ್ಲಿ ಬರುವ ಕಂಪನಿಯ ಬೆಲೆಯಿಂದ ಸಾಲವನ್ನು ಒಟ್ಟಿಗೆ ಕಳೆಯುವುದು. ಬಡ್ಡಿಯನ್ನು ಇಲ್ಲಿಯೂ ಕಳೆದು, ಸಾಲವನ್ನು ಅಲ್ಲಿಯೂ ಕಳೆದರೆ ಒಂದೇ ಸಾಲವನ್ನು ಎರಡು ಬಾರಿ ತೀರಿಸಿದಂತಾಗುತ್ತದೆ. ಈ ತಪ್ಪು ಆಗಾಗ ಕಾಣಸಿಗುತ್ತದೆ.

120 ರಲ್ಲಿ 40 ಮಾತ್ರ ಕೈಗೆ ಬಂತು, 80 ಶಾಪಿನೊಳಕ್ಕೇ ಹೋಯಿತು. ಆ 80 ವ್ಯರ್ಥವಾಗಿಲ್ಲ. ವರ್ಷದ ಆರಂಭದಲ್ಲಿ ಮೆಷಿನ್ನು, ಉದ್ರಿ, ಸ್ಟಾಕು ಎಲ್ಲ ಸೇರಿ ಶಾಪಿನಲ್ಲಿ ತೊಡಗಿದ್ದ ಬಂಡವಾಳ 800 ಲಕ್ಷ. ಅದು ತೆರಿಗೆಯ ನಂತರ 120 ದುಡಿದಿದೆ, ಅಂದರೆ ನೂರಕ್ಕೆ ಹದಿನೈದು. ಈಗ ಬಂಡವಾಳ 880 ಆಯಿತು. ಅದೇ ಹದಿನೈದರ ಲೆಕ್ಕದಲ್ಲಿ ಮುಂದಿನ ವರ್ಷ 132 ಲಕ್ಷ ಬರುತ್ತದೆ. ಲಾಭ 10% ಬೆಳೆಯಿತು. ಬೆಳೆದದ್ದು ತಾನಾಗಿ ಅಲ್ಲ, 80 ಲಕ್ಷ ಉಂಡು ಬೆಳೆಯಿತು. ಈ ನಂಟನ್ನು ನೆನಪಿನಲ್ಲಿಡಿ. ಮೂವರು ಆಡಿಟರುಗಳ ವ್ಯತ್ಯಾಸವೆಲ್ಲ ಇದರಲ್ಲೇ ಅಡಗಿದೆ.

ಮುಂದಿನ ಐದು ವರ್ಷವೂ ಶಾಪು ಹೀಗೇ 10% ಬೆಳೆಯುತ್ತದೆ, ಲಾಭದ ಮೂರರಲ್ಲಿ ಎರಡು ಪಾಲು ಒಳಕ್ಕೆ ಹಾಕುತ್ತದೆ ಎಂದು ಮೂವರೂ ಅಂದಾಜು ಮಾಡಿದ್ದಾರೆ. ಹಾಗಾದರೆ ಫ್ರೀ ಕ್ಯಾಶ್ ಫ್ಲೋ ಮೊದಲ ವರ್ಷ 44 ಲಕ್ಷ, ಆಮೇಲೆ 48, 53, 59, ಐದನೇ ವರ್ಷ 64 ಲಕ್ಷ.

ಐದು ವರ್ಷದ ಮೇಲೆ ಬರುವ ದುಡ್ಡು ಇವತ್ತಿನ ದುಡ್ಡಿಗೆ ಸಮವಲ್ಲ ಎಂಬುದನ್ನು ಚೀಟಿ ಹಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲ ತಿಂಗಳೇ ಚೀಟಿ ಎತ್ತುವವರು ಎಷ್ಟು ಬಿಟ್ಟುಕೊಡುತ್ತಾರೆ, ಕೊನೆಯವರೆಗೆ ಕಾಯುವವರಿಗೆ ಎಷ್ಟು ಸಿಗುತ್ತದೆ ಎಂಬುದು ಅವರಿಗೆ ಗೊತ್ತು. ಇಲ್ಲಿ ಕಾಯುವಿಕೆಯ ಜೊತೆಗೆ ಅಪಾಯವೂ ಇದೆ. ಎರಡು ದೊಡ್ಡ ಗಿರಾಕಿಗಳನ್ನೇ ನಂಬಿದ ಸಣ್ಣ ಶಾಪು ಇದು. ಸರ್ಕಾರಿ ಬಾಂಡಿನಲ್ಲಿ 7% ಹತ್ತಿರ ಸಿಗುವಾಗ, ಇಂಥದ್ದರಲ್ಲಿ ದುಡ್ಡಿಡುವವರು ಅದರ ಎರಡರಷ್ಟು ಕೇಳುತ್ತಾರೆ ಎಂದು ಮೂವರೂ 14% ಹಿಡಿದಿದ್ದಾರೆ. ಇದೇ ಡಿಸ್ಕೌಂಟ್ ದರ. ವರ್ಷಕ್ಕೊಮ್ಮೆ 1.14 ರಿಂದ ಭಾಗಿಸುತ್ತಾ ಬಂದರೆ ಐದನೇ ವರ್ಷದ 64 ಲಕ್ಷ ಇವತ್ತಿಗೆ 33 ಲಕ್ಷವಾಗುತ್ತದೆ. ಐದೂ ವರ್ಷದ್ದನ್ನು ಹೀಗೆ ಇವತ್ತಿಗೆ ತಂದು ಕೂಡಿಸಿದರೆ ಸುಮಾರು 180 ಲಕ್ಷ, ಅಂದರೆ 1.8 ಕೋಟಿ.

ಅಮೆರಿಕದ ಜಾನ್ ಬರ್ ವಿಲಿಯಮ್ಸ್ 1938ರಲ್ಲಿ ಷೇರಿನ ಬೆಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ದಾರಿಯನ್ನು ಸ್ಪಷ್ಟವಾಗಿ ಹಾಕಿಕೊಟ್ಟರು: ಒಂದು ಹೂಡಿಕೆಯ ಬೆಲೆ ಎಂದರೆ ಅದು ಮುಂದೆಲ್ಲ ಕೊಡುವ ದುಡ್ಡಿನ ಇವತ್ತಿನ ಮೊತ್ತ. ಮುಂದೆಲ್ಲ ಎಂಬ ಮಾತೇ ಕಷ್ಟ. ಶಾಪು ಐದು ವರ್ಷಕ್ಕೆ ಬಾಗಿಲು ಹಾಕುವುದಿಲ್ಲ. ಐವತ್ತು ವರ್ಷದ ಅಂದಾಜನ್ನು ವರ್ಷವರ್ಷಕ್ಕೆ ಬರೆಯಲು ಯಾರಿಂದಲೂ ಆಗದು. ಆದ್ದರಿಂದ ಐದನೇ ವರ್ಷದ ಕೊನೆಯಲ್ಲಿ ಒಂದು ಗೆರೆ ಎಳೆದು, ಅದರಾಚೆಗಿನದೆಲ್ಲಕ್ಕೂ ಸೇರಿ ಒಂದೇ ಬೆಲೆ ಕಟ್ಟುತ್ತಾರೆ. ಅದಕ್ಕೆ ಟರ್ಮಿನಲ್ ವ್ಯಾಲ್ಯೂ ಎಂದು ಹೆಸರು.

ಸೂತ್ರ ಚಿಕ್ಕದು. ಆರನೇ ವರ್ಷದ ಫ್ರೀ ಕ್ಯಾಶ್ ಫ್ಲೋವನ್ನು ಡಿಸ್ಕೌಂಟ್ ದರದಿಂದ ಬೆಳವಣಿಗೆ ದರ ಕಳೆದು ಉಳಿದದ್ದರಿಂದ ಭಾಗಿಸುವುದು. ನಮ್ಮ ಲೆಕ್ಕದಲ್ಲಿ 14 ರಿಂದ 5 ಕಳೆದರೆ 9%.

ಕೊನೆಯಿಲ್ಲದೆ ಬರುವ ದುಡ್ಡಿಗೆ ಕೊನೆಯುಳ್ಳ ಒಂದು ಬೆಲೆ ಹೇಗೆ ಸಿಗುತ್ತದೆ ಎಂದು ಅನುಮಾನ ಬರುವುದು ಸಹಜ. ಹೀಗೆ ಯೋಚಿಸಿ. ವರ್ಷಕ್ಕೆ 14% ಬಡ್ಡಿ ಬರುವ ಕಡೆ 1,111 ರೂಪಾಯಿ ಇಟ್ಟಿದ್ದೀರಿ. ವರ್ಷದ ಕೊನೆಗೆ ಸುಮಾರು 156 ರೂಪಾಯಿ ಬಡ್ಡಿ ಬಂತು. ನೂರು ತೆಗೆದುಕೊಂಡು 56 ಅಲ್ಲೇ ಬಿಟ್ಟಿರಿ. ಅಸಲು 5% ಹೆಚ್ಚಿ 1,167 ಆಯಿತು. ಮುಂದಿನ ವರ್ಷ 105 ತೆಗೆದರೂ ಅಸಲು ಮತ್ತೆ 5% ಬೆಳೆದಿರುತ್ತದೆ. ಇದು ಎಂದಿಗೂ ಬತ್ತುವುದಿಲ್ಲ. ಅಂದರೆ ನೂರರಿಂದ ಶುರುವಾಗಿ ವರ್ಷಕ್ಕೆ 5% ಏರುತ್ತಾ ಕೊನೆಯಿಲ್ಲದೆ ಬರುವ ದುಡ್ಡನ್ನು ಕೊಳ್ಳಲು 1,111 ರೂಪಾಯಿ ಸಾಕು. ನೂರನ್ನು 9% ರಿಂದ ಭಾಗಿಸಿ ನೋಡಿ, ಅದೇ 1,111.

ಈಗ ಆರನೇ ವರ್ಷದ ಸಾಲಿಗೆ ಬರೋಣ.

ಮೊದಲನೆಯ ಆಡಿಟರು ಬಹಳ ಸರಳವಾಗಿ ನಡೆದರು. ಐದನೇ ವರ್ಷದ ಫ್ರೀ ಕ್ಯಾಶ್ ಫ್ಲೋ 64 ಲಕ್ಷಕ್ಕೆ 5% ಸೇರಿಸಿದರು, ಸುಮಾರು 68 ಲಕ್ಷ ಬಂತು. ಅದನ್ನು 9% ರಿಂದ ಭಾಗಿಸಿದರೆ 752 ಲಕ್ಷ. ಇವತ್ತಿಗೆ ತಂದರೆ 390. ಮೊದಲ ಐದು ವರ್ಷದ 180 ಸೇರಿ 5.7 ಕೋಟಿ.

ಎರಡನೆಯವರು ಬೇರೆ ರೀತಿ ಯೋಚಿಸಿದರು. ಶಾಪು ಆಗ ಸ್ಥಿರವಾಗಿರುತ್ತದೆ, ಹಾಗಾಗಿ ಹೊಸ ಮೆಷಿನ್‌ಗಳ ಖರ್ಚು ಸವಕಳಿಗೆ ಸಮ, ದುಡಿಯುವ ಬಂಡವಾಳದಲ್ಲಿ ಬದಲಾವಣೆ ಸೊನ್ನೆ ಎಂದು ಬರೆದರು. ಆಗ ಲಾಭವೆಲ್ಲ ಕೈಗೆ ಬಂದಂತೆ. ಆರನೇ ವರ್ಷದ ಲಾಭ 203 ಲಕ್ಷ, ಫ್ರೀ ಕ್ಯಾಶ್ ಫ್ಲೋ ಕೂಡ 203 ಲಕ್ಷ. ಭಾಗಿಸಿದರೆ 2,255 ಲಕ್ಷ, ಇವತ್ತಿಗೆ 1,171. ಒಟ್ಟು 13.5 ಕೋಟಿ.

ಮೂರನೆಯವರು ತಮಗೆ ತಾವೇ ಒಂದು ಪ್ರಶ್ನೆ ಹಾಕಿಕೊಂಡರು: ಈ ಶಾಪು 5% ಬೆಳೆಯಲು ಎಷ್ಟು ತಿನ್ನುತ್ತದೆ? ನೂರು ರೂಪಾಯಿ ಹಾಕಿದರೆ ಹದಿನೈದು ದುಡಿಯುವ ಶಾಪಿದು. ಬಂಡವಾಳ 5% ಹೆಚ್ಚಬೇಕಾದರೆ ದುಡಿದ ಹದಿನೈದರಲ್ಲಿ ಐದನ್ನು ಒಳಕ್ಕೆ ಹಾಕಬೇಕು. ಅಂದರೆ ಲಾಭದ ಮೂರನೇ ಒಂದು ಪಾಲು. ಮೊದಲು 10% ಬೆಳೆಯುವಾಗ ಮೂರರಲ್ಲಿ ಎರಡು ಪಾಲು ಬೇಕಿತ್ತು, ಈಗ ಬೆಳವಣಿಗೆ ಅರ್ಧವಾದ್ದರಿಂದ ಒಂದು ಪಾಲು ಸಾಕು. 203 ರಲ್ಲಿ 68 ಒಳಕ್ಕೆ, 135 ಕೈಗೆ. ಭಾಗಿಸಿದರೆ 1,503 ಲಕ್ಷ, ಇವತ್ತಿಗೆ 781. ಒಟ್ಟು 9.6 ಕೋಟಿ.

ಈಗ ಮೊದಲಿಬ್ಬರ ಎಡವಟ್ಟು ಕಾಣುತ್ತದೆ. ಮೊದಲನೆಯವರ ಶಾಪು 10% ಬೆಳೆಯುವಷ್ಟು ಉಂಡು 5% ಮಾತ್ರ ಬೆಳೆಯುತ್ತದೆ, ಅದೂ ಎಂದೆಂದಿಗೂ. ಎರಡನೆಯವರ ಶಾಪು ಏನೂ ಉಣ್ಣದೆ ಬೆಳೆಯುತ್ತದೆ, ಅದೂ ಎಂದೆಂದಿಗೂ. ಒಬ್ಬರು ತಮ್ಮನಿಗೆ ಅನ್ಯಾಯ ಮಾಡಿದರು, ಇನ್ನೊಬ್ಬರು ಅಣ್ಣನಿಗೆ. ಮೂವರ ಹಾಳೆಯಲ್ಲೂ ಬೆಳವಣಿಗೆ 5%, ಡಿಸ್ಕೌಂಟ್ 14% ಎಂದೇ ಇರುವುದರಿಂದ, ಮೇಲಿನ ಎರಡು ಸಂಖ್ಯೆ ನೋಡಿ ಸಹಿ ಹಾಕುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಎರಡನೆಯವರ ತಪ್ಪು ಹೆಚ್ಚು ಚಾಲ್ತಿಯಲ್ಲಿದೆ, ಯಾಕೆಂದರೆ ಅದು ಕೇಳಲು ಸರಿಯೆನಿಸುತ್ತದೆ. ತಮ್ಮನೂ ಅದನ್ನೇ ಹಿಡಿದು ವಾದಿಸಬಹುದು.

"ಅಣ್ಣ, ಐದು ಪರ್ಸೆಂಟ್ ಅಂದ್ರೆ ಬರೀ ರೇಟು ಏರೋದು ತಾನೇ? ಮಾಡೋ ಪಿನ್ನು ಅಷ್ಟೇ ಇರುತ್ತೆ. ಅದಕ್ಯಾಕೆ ಹೊಸದಾಗಿ ದುಡ್ಡು ಹಾಕ್ಬೇಕು?"

"ಹತ್ತು ವರ್ಷದ ಹಿಂದೆ ಆ ಮೂಲೆ ಲೇತ್ ತಂದಾಗ ಎಷ್ಟು ಕೊಟ್ವಿ ಹೇಳು? ಈಗ ಅದೇ ಲೇತ್ ಎಷ್ಟಕ್ಕೆ ಕೊಡ್ತಾರೆ ಕೇಳ್ಕೊಂಡು ಬಾ" ಎಂದು ಅಣ್ಣ ಹೇಳಿದರೆ ಉತ್ತರ ಅಲ್ಲೇ ಇದೆ.

20 ಲಕ್ಷಕ್ಕೆ ಕೊಂಡ ಲೇತ್‌ಗೆ ಹತ್ತು ವರ್ಷದಲ್ಲಿ ಬರೆಯುವ ಸವಕಳಿ ಒಟ್ಟು 20 ಲಕ್ಷ. ಬೆಲೆ ವರ್ಷಕ್ಕೆ 5% ಏರಿದ್ದರೆ ಅದೇ ಲೇತ್ ಈಗ 32 ಲಕ್ಷಕ್ಕಿಂತ ಮೇಲೆ. ಸವಕಳಿ ನಡೆಯುವುದು ಹಳೆಯ ಬೆಲೆಯ ಮೇಲೆ, ಕೊಳ್ಳುವುದು ಹೊಸ ಬೆಲೆಗೆ. ಒಂದೇ ಒಂದು ಪಿನ್ನು ಹೆಚ್ಚು ಮಾಡದಿದ್ದರೂ ಖರ್ಚು ಸವಕಳಿಯನ್ನು ಮೀರುತ್ತದೆ. ಉದ್ರಿಯೂ ಹಾಗೆಯೇ. ಅದೇ ಮಾಲಿನ ಬಿಲ್ಲು ದೊಡ್ಡದಾದರೆ ತೊಂಬತ್ತು ದಿನ ಸಿಕ್ಕಿಕೊಳ್ಳುವ ದುಡ್ಡೂ ದೊಡ್ಡದಾಗುತ್ತದೆ. ಬೆಲೆಯೇರಿಕೆಯಿಂದ ಬಂದ ಬೆಳವಣಿಗೆಯಾದರೂ ಅದಕ್ಕೆ ಬಂಡವಾಳ ಬೇಕು. ಮೆಷಿನ್ ಖರ್ಚು ಸವಕಳಿಗೆ ಸಮ, ದುಡಿಯುವ ಬಂಡವಾಳ ಸೊನ್ನೆ ಎಂದು ಬರೆಯಬಹುದಾದದ್ದು ಬೆಳವಣಿಗೆಯೂ ಸೊನ್ನೆ ಎಂದು ಬರೆದಾಗ ಮಾತ್ರ.

ಎರಡನೆಯವರ ಹಾಳೆಯನ್ನು ಪರೀಕ್ಷಿಸಲು ಇನ್ನೊಂದು ದಾರಿಯೂ ಇದೆ. ಅವರ ಲೆಕ್ಕವನ್ನು ಸುಮ್ಮನೆ ಇಪ್ಪತ್ತು ವರ್ಷ ಮುಂದಕ್ಕೆ ಓಡಿಸಿ. ಆರನೇ ವರ್ಷದ ಆರಂಭಕ್ಕೆ ಶಾಪಿನ ಬಂಡವಾಳ ಸುಮಾರು 1,417 ಲಕ್ಷ. ಅವರ ಪ್ರಕಾರ ಅದು ಅಲ್ಲಿಂದ ಮುಂದೆ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಲಾಭ ಮಾತ್ರ 203 ರಿಂದ 538 ಲಕ್ಷಕ್ಕೆ ಏರುತ್ತದೆ. ನೂರಕ್ಕೆ ಹದಿನೈದು ದುಡಿಯುತ್ತಿದ್ದ ಶಾಪು ನೂರಕ್ಕೆ ಮೂವತ್ತೆಂಟು ದುಡಿಯುತ್ತಿದೆ. ಪೀಣ್ಯದಲ್ಲಿ ಅಂಥ ಲಾಭ ಕಂಡರೆ ಪಕ್ಕದ ಶೆಡ್ಡಿನಲ್ಲಿ ಆರು ತಿಂಗಳಲ್ಲಿ ಇನ್ನೊಬ್ಬ ಲೇತ್ ಹಾಕಿ ಒಂದು ರೂಪಾಯಿ ಕಮ್ಮಿಗೆ ಕೊಡುತ್ತಾನೆ. ಗಿರಾಕಿ ಕಂಪನಿಯ ಖರೀದಿ ವಿಭಾಗವಂತೂ ವರ್ಷ ವರ್ಷವೂ ರೇಟು ಇಳಿಸಿ ಎಂದು ಕೂತಿರುತ್ತದೆ. ಲೆಕ್ಕ ಬರೆದವರು ಇದನ್ನೆಲ್ಲ ಊಹಿಸಿ ಬರೆದದ್ದಲ್ಲ. ಆರನೇ ವರ್ಷದ ಎರಡು ಮನೆಗಳಲ್ಲಿ ಸುಲಭದ ಸಂಖ್ಯೆ ತುಂಬಿದರು, ಉಳಿದದ್ದು ತಾನಾಗಿ ಆಯಿತು.

ಇಲ್ಲಿಂದ ಮುಂದಿನದು ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ. ಬೆಲೆ ಕಟ್ಟುವವರ ಕೋಣೆಯಲ್ಲಿ ಹೆಚ್ಚಿನ ಚರ್ಚೆ ನಡೆಯುವುದು ಬೆಳವಣಿಗೆ 5% ಇರಬೇಕೋ 6% ಇರಬೇಕೋ ಎಂಬುದರ ಮೇಲೆ. ಎರಡನೆಯವರ ಹಾಳೆಯಲ್ಲಿ 5ನ್ನು 6 ಮಾಡಿ ನೋಡಿ. ಬೆಲೆ 13.5 ಕೋಟಿಯಿಂದ 15.1 ಕೋಟಿಗೆ ಹಾರುತ್ತದೆ. ಒಂದು ಅಂಕಿ ತಿದ್ದಿದ್ದಕ್ಕೆ ಒಂದೂವರೆ ಕೋಟಿಗೂ ಮೇಲೆ. ಈಗ ಮೂರನೆಯವರ ಹಾಳೆಯಲ್ಲಿ ಅದನ್ನೇ ಮಾಡಿ. 6% ಬೆಳೆಯಲು ಹದಿನೈದರಲ್ಲಿ ಆರು ಒಳಕ್ಕೆ ಹಾಕಬೇಕು, ಕೈಗೆ ಬರುವುದು ಅಷ್ಟು ಕಡಿಮೆಯಾಗುತ್ತದೆ. ಬೆಲೆ 9.6 ರಿಂದ ಸುಮಾರು 9.8 ಕೋಟಿಗೆ ಹೋಗುತ್ತದೆ, ಅಷ್ಟೇ. ಬೆಳವಣಿಗೆಯನ್ನು ಪೂರ್ತಿ ಸೊನ್ನೆ ಮಾಡಿ, ಲಾಭವನ್ನೆಲ್ಲ ಕೈಗೆ ತೆಗೆದುಕೊಂಡರೂ ಬೆಲೆ 9 ಕೋಟಿಯ ಹತ್ತಿರವೇ ನಿಲ್ಲುತ್ತದೆ.

ಯಾಕೆ ಹೀಗೆ? ಈ ಶಾಪಿನಲ್ಲಿ ದುಡ್ಡಿಡುವವರು ಕೇಳುವುದು 14%. ಶಾಪು ಹೊಸ ದುಡ್ಡಿನ ಮೇಲೆ ದುಡಿಯುವುದು 15%. ಒಳಕ್ಕೆ ಹಾಕಿದ ಪ್ರತಿ ರೂಪಾಯಿಯೂ ತನ್ನ ಖರ್ಚಿಗಿಂತ ಕೂದಲೆಳೆಯಷ್ಟು ಮಾತ್ರ ಹೆಚ್ಚು ತರುತ್ತಿದೆ. ಹಾಗಿರುವಾಗ ಎಷ್ಟು ಬೆಳೆದರೇನು? ಎರಡೂ 14 ಆಗಿದ್ದರೆ ಮುಂದಿನ ಬೆಳವಣಿಗೆಯಿಂದ ಬೆಲೆಗೆ ಒಂದು ಪೈಸೆಯೂ ಸೇರುತ್ತಿರಲಿಲ್ಲ. ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮೆರ್ಟನ್ ಮಿಲ್ಲರ್ 1961ರ ತಮ್ಮ ಪ್ರಬಂಧದಲ್ಲಿ ಇದನ್ನು ಗಣಿತದಲ್ಲಿ ತೋರಿಸಿದರು. ಇಬ್ಬರಿಗೂ ಮುಂದೆ ಬೇರೆ ಬೇರೆ ವರ್ಷಗಳಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೂ ಅರವತ್ತು ವರ್ಷಗಳ ಮೇಲೂ ಸೊನ್ನೆ ಮರುಹೂಡಿಕೆಯ ಟರ್ಮಿನಲ್ ವ್ಯಾಲ್ಯೂಗಳು ಬರೆಯಲ್ಪಡುತ್ತಲೇ ಇವೆ.

ಶಾಪಿನ ಹೊಸ ಹೂಡಿಕೆಯ ಮೇಲೆ ನೂರಕ್ಕೆ ಹತ್ತೇ ಹುಟ್ಟುವುದಾದರೆ ಕಥೆ ಇನ್ನೂ ಕಹಿ. ಆಗ 5% ಬೆಳೆಯಲು ಲಾಭದ ಅರ್ಧ ಒಳಕ್ಕೆ ಹೋಗಬೇಕು. ಕಂಪನಿಯ ಬೆಲೆ 7.7 ಕೋಟಿಗೆ ಇಳಿಯುತ್ತದೆ. ಬೆಳೆಯದೆ ಸುಮ್ಮನಿದ್ದರೆ 9 ಕೋಟಿ ಇದ್ದದ್ದು, ಬೆಳೆದದ್ದಕ್ಕೆ ಕಡಿಮೆಯಾಯಿತು. ವರ್ಷವರ್ಷವೂ ಟರ್ನೋವರ್ ಏರುತ್ತಿದ್ದರೂ ಮಾಲೀಕರ ಕೈ ಯಾವಾಗಲೂ ಖಾಲಿ ಇರುವ ಶಾಪುಗಳು ನಮ್ಮ ಕಣ್ಣೆದುರೇ ಇವೆ. ಅವರ ಸಂಕಟದ ಲೆಕ್ಕ ಇದು.

ಹಾಗಾದರೆ ಬೆಳವಣಿಗೆ ದರಕ್ಕೆ ಮೇಲಿನ ಮಿತಿ ಯಾವುದು? ಚೆನ್ನೈನಲ್ಲಿ ಹುಟ್ಟಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಅಶ್ವತ್ಥ್ ದಾಮೋದರನ್ ಅದನ್ನು ಅಪಾಯವಿಲ್ಲದ ಬಾಂಡಿನ ದರಕ್ಕಿಂತ ಮೇಲೆ ಹೋಗಲು ಬಿಡಬೇಡಿ ಎನ್ನುತ್ತಾರೆ. ಕಾರಣ ಸರಳ. ದೇಶದ ಆರ್ಥಿಕತೆಗಿಂತ ವೇಗವಾಗಿ ಎಂದೆಂದಿಗೂ ಬೆಳೆಯುವ ಕಂಪನಿ ಒಂದಲ್ಲ ಒಂದು ದಿನ ದೇಶಕ್ಕಿಂತ ದೊಡ್ಡದಾಗಬೇಕಾಗುತ್ತದೆ. ಆ ಬಾಂಡಿನ ದರ ದೀರ್ಘಕಾಲದ ಬೆಳವಣಿಗೆಯ ಒರಟು ಅಳತೆ ಎಂಬುದು ಅವರ ವಾದ. ಇದು ಮೇಲಿನ ಮಿತಿ ಮಾತ್ರ, ಎಲ್ಲರೂ ಮುಟ್ಟಬೇಕಾದ ಗುರಿಯಲ್ಲ.

ಮೂರನೆಯವರ ಹಾಳೆಯಲ್ಲೂ ಒಟ್ಟು ಬೆಲೆಯ ನೂರಕ್ಕೆ ಎಂಬತ್ತೊಂದು ಪಾಲು ಟರ್ಮಿನಲ್ ವ್ಯಾಲ್ಯೂವೇ. ಇದನ್ನು ಕಂಡು ಹಲವರು ಹೌಹಾರುತ್ತಾರೆ. ಆದರೆ ಅದು ಅಷ್ಟಿರುವುದರಲ್ಲಿ ತಪ್ಪೇನಿಲ್ಲ. ಐದು ವರ್ಷ ಲಾಭದ ಮೂರರಲ್ಲಿ ಎರಡು ಪಾಲನ್ನು ಒಳಗಿಟ್ಟ ಮೇಲೆ ಅದರ ಫಲ ಆಚೆಗೇ ಕಾಣಿಸಬೇಕು. ಬೆಂಗಳೂರಿನ ಸ್ಟಾರ್ಟಪ್‌ಗಳಲ್ಲಂತೂ ಮೊದಲ ವರ್ಷಗಳ ಫ್ರೀ ಕ್ಯಾಶ್ ಫ್ಲೋ ಋಣದಲ್ಲಿರುತ್ತದೆ. ಆಗ ಟರ್ಮಿನಲ್ ವ್ಯಾಲ್ಯೂ ಒಟ್ಟು ಬೆಲೆಯ ನೂರು ಪಾಲನ್ನೂ ಮೀರುತ್ತದೆ. 2012ರಲ್ಲಿ ಬಂದು 2024ರ ಬಜೆಟ್ಟಿನಲ್ಲಿ ಹೋದ, ಏಂಜೆಲ್ ಟ್ಯಾಕ್ಸ್ ಎಂದು ಕರೆಯುತ್ತಿದ್ದ ತೆರಿಗೆಯ ತಕರಾರುಗಳಲ್ಲಿ ಇಂಥ ಡಿಸಿಎಫ್ ಹಾಳೆಗಳೇ ಅಧಿಕಾರಿಗಳ ಮೇಜಿನ ಮೇಲಿರುತ್ತಿದ್ದವು. ಅಂದಾಜು ಮಾಡಿದ ಮಾರಾಟಕ್ಕೂ ಆದ ಮಾರಾಟಕ್ಕೂ ಯಾಕೆ ತಾಳೆಯಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಮೊದಲೆರಡು ವರ್ಷದ ಮಾರಾಟ ಹಿಡಿದು ಜಗ್ಗುವುದಕ್ಕಿಂತ, ಬೆಲೆಯ ಬಹುಪಾಲು ಕೂತಿರುವ ಕೊನೆಯ ಸಾಲಿನಲ್ಲಿ ಬೆಳವಣಿಗೆಗೂ ಮರುಹೂಡಿಕೆಗೂ ಹೊಂದಿಕೆ ಇದೆಯೇ ಎಂದು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನಗನಿಸುತ್ತದೆ.

ಮೂರನೆಯವರ 9.6 ಕೋಟಿ ಹಾಗಾದರೆ ಕಲ್ಲಿನಲ್ಲಿ ಕೆತ್ತಿದ ಬೆಲೆಯೇ? ಅಲ್ಲ. ಡಿಸ್ಕೌಂಟ್ ದರವನ್ನು 14 ರಿಂದ 13ಕ್ಕೆ ಇಳಿಸಿದರೆ ಅದು 11 ಕೋಟಿಯಾಗುತ್ತದೆ. ಇಂಥ ಶಾಪಿಗೆ 14 ಸರಿಯೋ 13 ಸರಿಯೋ ಎಂದು ಎದೆ ತಟ್ಟಿ ಹೇಳಬಲ್ಲವರು ಯಾರೂ ಇಲ್ಲ. ಎರಡು ಗಿರಾಕಿಗಳಲ್ಲಿ ಒಬ್ಬರು ಹೋಗುವ ಭಯ ಎಷ್ಟು, ತಮ್ಮ ಹೋದ ಮೇಲೆ ಮೆಷಿನ್‌ಗಳ ಕೈಚಳಕ ಬಲ್ಲವರು ಯಾರು ಉಳಿಯುತ್ತಾರೆ ಎಂಬಂಥ ಮಾತುಗಳು ಆ ಒಂದು ಅಂಕಿಯೊಳಗಿವೆ. ಅಣ್ಣತಮ್ಮಂದಿರು ಕೂತು ಮಾತಾಡಬೇಕಾದದ್ದು ಇದನ್ನು.

ಇನ್ನೊಂದು ಮಾತನ್ನೂ ಅವರು ಆಡಲೇಬೇಕು. ಅವರು ಮಾಡುವ ಶಾಫ್ಟು, ಬುಷ್ಷುಗಳಲ್ಲಿ ಹೆಚ್ಚಿನವು ಪೆಟ್ರೋಲ್ ಎಂಜಿನ್ನಿಗೋ ಗೇರ್‌ಬಾಕ್ಸಿಗೋ ಹೋಗುವಂಥವು ಎಂದುಕೊಳ್ಳಿ. ಬ್ಯಾಟರಿ ಸ್ಕೂಟರಿನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕ್ಲಚ್ ಇಲ್ಲ. ಎಂದೆಂದಿಗೂ 5% ಬೆಳೆಯುತ್ತದೆ ಎಂದು ಮೂವರೂ ಬರೆದದ್ದು ಇಂಥ ಶಾಪಿನ ಬಗ್ಗೆ. ಸೂತ್ರಕ್ಕೆ ಬೆಳವಣಿಗೆಯೇ ಬೇಕೆಂಬ ಹಟವಿಲ್ಲ, ಇಳಿಕೆಯನ್ನೂ ಅದು ಒಪ್ಪುತ್ತದೆ. ಐದು ವರ್ಷದ ನಂತರ ಲಾಭ ವರ್ಷಕ್ಕೆ 5% ಕುಗ್ಗುತ್ತಾ ಹೋಗುತ್ತದೆ ಎನ್ನಿ. ಆರನೇ ವರ್ಷದ ಲಾಭ 184 ಲಕ್ಷ. ಹೊಸ ಬಂಡವಾಳ ಬೇಡ. ಹಳೆಯದರಲ್ಲಿ ಬಿಡುಗಡೆಯಾಗುವ ದುಡ್ಡೂ ಬರುವುದಿಲ್ಲ, ಹಳೆಯ ಲೇತ್ ಗುಜರಿಗೇ ಹೋಗುತ್ತದೆ ಎಂದು ಬಿಗಿಯಾಗಿಯೇ ಹಿಡಿಯೋಣ. ಭಾಗಿಸಬೇಕಾದದ್ದು 14 ಕ್ಕೆ 5 ಕೂಡಿಸಿದ 19% ರಿಂದ. 966 ಲಕ್ಷ ಬರುತ್ತದೆ, ಇವತ್ತಿಗೆ 502. ಮೊದಲ ಐದು ವರ್ಷದ್ದು ಸೇರಿ 6.8 ಕೋಟಿ.

ಮೊದಲನೆಯ ಆಡಿಟರು, ಶಾಪು ಎಂದೆಂದಿಗೂ ಬೆಳೆಯುತ್ತದೆ ಎಂದು ಹೇಳಿ, ಬರೆದುಕೊಟ್ಟದ್ದು 5.7 ಕೋಟಿ. ವರ್ಷವರ್ಷವೂ ಕ್ಷೀಣಿಸಿ ಸಾಯುವ ಶಾಪು ಅದಕ್ಕಿಂತ ಒಂದು ಕೋಟಿಗೂ ಹೆಚ್ಚು ಬಾಳುತ್ತದೆ. ತಮ್ಮ ಆ ಮೊದಲ ಹಾಳೆಗೆ ಸಹಿ ಹಾಕುವ ಮುಂಚೆ ಆಡಿಟರ ಎದುರು ಕೂತು ಆರನೇ ವರ್ಷದ ಸಾಲಿನ ಮೇಲೆ ಬೆರಳಿಟ್ಟು ಕೇಳಬೇಕಾದ ಪ್ರಶ್ನೆ ಇಷ್ಟೆ: ಸಾರ್, ಇಲ್ಲಿ ಒಳಕ್ಕೆ ಹೋಗ್ತಿರೋ ದುಡ್ಡು ಎಷ್ಟು, ಅದರಿಂದ ಹುಟ್ಟೋದು ಎಷ್ಟು?